ಎರಡನೇ ಪುಟಕ್ಕೆ ಜಾರಿದ ನಾಲ್ಕು ಸಾಲು

ಕ್ಯಾಂಪಸ್ ಇಂಟರ್‌ವ್ಯೂ ನಡೆಯುವ ದಿನಗಳಲ್ಲಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಬಗೆಯ ರೆಸ್ಯೂಮೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೊದಲ ಪುಟ ತುಂಬಿರುತ್ತದೆ. ಎರಡನೇ ಪುಟದ ನೆತ್ತಿಯಲ್ಲಿ ಮಾತ್ರ ಡಿಕ್ಲರೇಷನ್ ವಾಕ್ಯ, ಊರಿನ ಹೆಸರು, ದಿನಾಂಕ, ಸಹಿಯ ಜಾಗ. ಅದರ ಕೆಳಗೆ ಇಡೀ ಹಾಳೆ ಬಿಳಿ. ಇನ್ನೂ ಕೆಲಸಕ್ಕೆ ಸೇರದ ಫ್ರೆಶರ್‌ಗೆ ಒಂದು ಪುಟ ಸಾಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಆ ನಾಲ್ಕು ಸಾಲು ಹಟ ಮಾಡಿ ಆಚೆ ಪುಟದಲ್ಲಿ ಕೂತಿರುತ್ತವೆ. ಎದುರಿಗೆ ಕೂತು ಓದುವವರಿಗೆ ಆ ಎರಡನೇ ಹಾಳೆಯಿಂದ ಏನೂ ತಿಳಿಯುವುದಿಲ್ಲ, ಸ್ಟೇಪಲ್ ಪಿನ್ ಕಿತ್ತರೆ ಅದು ಎಲ್ಲೋ ಹೋಗಿರುತ್ತದೆ.

ಇದಕ್ಕೆ ಎಲ್ಲರೂ ಮಾಡುವ ಮೊದಲ ಮದ್ದು ಅಕ್ಷರ ಸಣ್ಣದು ಮಾಡುವುದು. "ಅಣ್ಣಾ, ಫಾಂಟ್ ಒಂದು ಪಾಯಿಂಟ್ ಇಳಿಸಿಬಿಡಿ, ಒಂದೇ ಪೇಜಿಗೆ ಬರುತ್ತೆ" ಎನ್ನುತ್ತಾರೆ ಹುಡುಗರು. ಬರುತ್ತದೆ, ಸುಳ್ಳಲ್ಲ. ಹನ್ನೊಂದು ಇದ್ದದ್ದನ್ನು ಹತ್ತು ಮಾಡಿದರೆ ಪ್ರತಿ ಸಾಲಿನ ಎತ್ತರವೂ ಹೆಚ್ಚುಕಡಿಮೆ ಒಂಬತ್ತು ಶೇಕಡಾ ತಗ್ಗುತ್ತದೆ, ನಾಲ್ಕು ಸಾಲು ಸಲೀಸಾಗಿ ಒಳಗೆ ಬರುತ್ತವೆ. ವರ್ಡ್‌ನಲ್ಲಿ Shrink One Page ಎಂಬ ಆಜ್ಞೆಯೇ ಒಂದಿದೆ. ಅದು ಮಾಡುವುದೂ ಇದನ್ನೇ, ಅಕ್ಷರದ ಗಾತ್ರವನ್ನು ಕೊಂಚ ಕೊಂಚ ಇಳಿಸುತ್ತದೆ. ತೊಂದರೆ ಏನೆಂದರೆ, ಜಾರಿದ್ದು ನಾಲ್ಕು ಸಾಲು, ದಂಡ ಕಟ್ಟಿದ್ದು ಇಡೀ ಪುಟ. ಈಗ ಬಹಳ ರೆಸ್ಯೂಮೆಗಳನ್ನು ಮೊದಲು ಫೋನಿನಲ್ಲೇ ತೆರೆದು ನೋಡುತ್ತಾರೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಫೋನಿನ ಪರದೆಯ ಅಗಲ ಸುಮಾರು ಏಳು. ಅಂದರೆ ಎಲ್ಲವೂ ಮೂರನೇ ಒಂದು ಭಾಗಕ್ಕೆ ಇಳಿದು ಕಾಣುತ್ತದೆ. ಹನ್ನೊಂದು ಪಾಯಿಂಟ್ ಅಕ್ಷರವೇ ಅಲ್ಲಿ ನಾಲ್ಕು ಪಾಯಿಂಟ್‌ಗಿಂತ ಕಡಿಮೆಯಾಗಿ ಕಾಣುವಾಗ ಅದನ್ನೂ ಕತ್ತರಿಸಿದರೆ ಓದುವವರ ಸಹನೆಗೇ ಕೈ ಹಾಕಿದಂತೆ.

ಅಕ್ಷರ ಮುಟ್ಟದೆ ಜಾಗ ಎಲ್ಲಿಂದ ತರುವುದು? ಪುಟದಲ್ಲೇ ಇದೆ. ಅದು ಎಲ್ಲಿ ಕೂತಿದೆ ಎಂದು ಹುಡುಕಬೇಕು, ಅಷ್ಟೆ. ಹುಡುಕುವ ಮುಂಚೆ ಒಂದು ಅಳತೆ ತಿಳಿದಿರಲಿ. ಅಚ್ಚಿನ ಲೆಕ್ಕದಲ್ಲಿ ಒಂದು ಇಂಚಿಗೆ 72 ಪಾಯಿಂಟ್. ವರ್ಡ್‌ನಲ್ಲಿ ಬಹಳ ವರ್ಷ ಹೊಸ ಫೈಲ್ ತೆರೆದರೆ ತಾನಾಗಿ ಬರುತ್ತಿದ್ದದ್ದು ಕ್ಯಾಲಿಬ್ರಿ ಫಾಂಟ್, ಗಾತ್ರ 11, ಸಾಲಿನ ಅಂತರ 1.08. ಈ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸುಮಾರು ಹದಿನಾಲ್ಕೂವರೆ ಪಾಯಿಂಟ್ ಎತ್ತರ ಹಿಡಿಯುತ್ತದೆ. ಇದರ ಮೇಲೆ, ನೀವು ಎಂಟರ್ ಒತ್ತಿದಾಗಲೆಲ್ಲ ಆ ಪ್ಯಾರಾದ ಕೆಳಗೆ ವರ್ಡ್ ತಾನಾಗಿ 8 ಪಾಯಿಂಟ್ ಖಾಲಿ ಜಾಗ ಸೇರಿಸುತ್ತದೆ. ಪತ್ರ, ಲೇಖನ ಬರೆಯುವವರಿಗೆ ಇದು ಅನುಕೂಲ, ಅಲ್ಲಿ ಒಂದು ಪ್ಯಾರಾ ಎಂದರೆ ಐದಾರು ಸಾಲು. ರೆಸ್ಯೂಮೆಯಲ್ಲಿ ಒಂದೊಂದು ಸಾಲೂ ಒಂದೊಂದು ಪ್ಯಾರಾ. ಹೆಸರು ಒಂದು ಪ್ಯಾರಾ, ಫೋನ್ ನಂಬರ್ ಒಂದು, ಹುಟ್ಟಿದ ದಿನ ಒಂದು, ಬಲ್ಲ ಭಾಷೆಗಳು ಒಂದು. ಹೀಗೆ ಮೂವತ್ತು ಪ್ಯಾರಾ ಇದ್ದರೆ ಮೂವತ್ತು ಎಂಟಲೆ 240 ಪಾಯಿಂಟ್ ಬರೀ ಖಾಲಿ ಜಾಗ. ಹದಿನಾರು ಸಾಲು ಹಿಡಿಸುವಷ್ಟು ಎತ್ತರ ಅದು! ಮಾರ್ಜಿನ್ ಕತ್ತರಿಸಲು ಓಡುವ ಮೊದಲು ಈ ಲೆಕ್ಕ ನೆನಪಿರಬೇಕು. ಪುಟದ ಅಂಚಿಗಿಂತ ಹೆಚ್ಚು ಜಾಗ ಸಾಲುಗಳ ನಡುವೆ ಬಿದ್ದಿರುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ದಾವಣಗೆರೆಯಲ್ಲಿ ಬಿಸಿಎ ಮುಗಿಸಿದ ಹುಡುಗಿಯೊಬ್ಬಳ ರೆಸ್ಯೂಮೆ ಎಂದಿಟ್ಟುಕೊಳ್ಳಿ. ಮೇಲೆ ಹೆಸರು, ಫೋನ್ ಮತ್ತು ಇಮೇಲ್. ಆಮೇಲೆ ಎರಡು ಸಾಲಿನ ಆಬ್ಜೆಕ್ಟಿವ್. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳ ಪುಟ್ಟ ಕೋಷ್ಟಕ. ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟ್ ಬಗ್ಗೆ ಬುಲೆಟ್ ಹಾಕಿದ ನಾಲ್ಕು ಸಾಲು, ಗೊತ್ತಿರುವ ಸಾಫ್ಟ್‌ವೇರ್‌ಗಳು, ಸ್ವವಿವರ, ಕೊನೆಗೆ ಡಿಕ್ಲರೇಷನ್. ಟೆಂಪ್ಲೇಟ್ ಎಲ್ಲೋ ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದು. ಫಾಂಟ್ ಕ್ಯಾಲಿಬ್ರಿ 11, ನಾಲ್ಕೂ ಕಡೆ ಮಾರ್ಜಿನ್ 2.54 ಸೆಂಟಿಮೀಟರ್, ಅಂದರೆ ಒಂದು ಇಂಚು. "ಡಿಕ್ಲರೇಷನ್" ಎಂಬ ತಲೆಬರಹ ಮೊದಲ ಪುಟದ ತಳದಲ್ಲಿ ಒಂಟಿಯಾಗಿ ಉಳಿದಿದೆ. ಅದರ ಎರಡು ಸಾಲಿನ ವಾಕ್ಯ, ಊರು, ದಿನಾಂಕ ಮತ್ತು ಸಹಿ ಇರುವ ಸಾಲು, ಒಟ್ಟು ನಾಲ್ಕು ಸಾಲು ಆಚೆ ಪುಟಕ್ಕೆ ಹೋಗಿವೆ. ಸಾಲುಗಳ ಎತ್ತರ, ನಡುವಿನ ಜಾಗ ಎಲ್ಲ ಕೂಡಿಸಿದರೆ ಹೊಂದಿಸಬೇಕಾದದ್ದು 75 ಪಾಯಿಂಟ್ ಆಸುಪಾಸು, ಒಂದು ಇಂಚಿಗಿಂತ ತುಸು ಹೆಚ್ಚು.

ಮೊದಲು ನೋಡಬೇಕಾದದ್ದು ಹಾಳೆಯ ಅಳತೆ. ಬಹುತೇಕ ಯಾರೂ ನೋಡುವುದಿಲ್ಲ. Layout ಪಟ್ಟಿಯಲ್ಲಿ Size ಒತ್ತಿದರೆ ಅಲ್ಲಿ A4 ಎಂದಿರಬೇಕು. ಹೊರಗಿನಿಂದ ಇಳಿಸಿಕೊಂಡ ಟೆಂಪ್ಲೇಟ್‌ಗಳಲ್ಲಿ ಎಷ್ಟೋ ಸಲ Letter ಎಂದಿರುತ್ತದೆ. ಅದು ಅಮೆರಿಕದವರ ಹಾಳೆ: ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಎತ್ತರ. ನಮ್ಮ ಅಂಗಡಿಗಳಲ್ಲಿ ಸಿಗುವ ಎ4 ಹಾಳೆಯ ಅಗಲ 210 ಮಿಲಿಮೀಟರ್, ಎತ್ತರ 297. ಲೆಟರ್ ಹಾಳೆಗಿಂತ ಇದು ಆರು ಮಿಲಿಮೀಟರ್ ಕಿರಿದು, ಆದರೆ ಹದಿನೇಳೂವರೆ ಮಿಲಿಮೀಟರ್ ಉದ್ದ. ಆ ಹೆಚ್ಚುವರಿ ಉದ್ದ ಎಂದರೆ ಸುಮಾರು 50 ಪಾಯಿಂಟ್, ಮೂರು ಸಾಲಿಗಿಂತ ಹೆಚ್ಚು. ಈ ಹುಡುಗಿಯ ಫೈಲೂ ಲೆಟರ್ ಅಳತೆಯಲ್ಲೇ ಇತ್ತು. ಎ4 ಆರಿಸಿದ ಕೂಡಲೇ ಮೂರು ಸಾಲಿನ ಜಾಗ ಪುಕ್ಕಟೆ ಸಿಕ್ಕಿತು. ಆದರೆ ಅಗಲ ಕಿರಿದಾದದ್ದಕ್ಕೆ ಪ್ರಾಜೆಕ್ಟ್ ಬಗ್ಗೆ ಬರೆದ ಒಂದು ಬುಲೆಟ್‌ನ ಕೊನೆಯ ಪದ ಮುಂದಿನ ಸಾಲಿಗೆ ಬಿತ್ತು. ಆ ಒಂದು ಪದಕ್ಕೆ ಒಂದು ಇಡೀ ಸಾಲು ಖರ್ಚು. ಮೂರು ಗಳಿಸಿ ಒಂದು ಕಳೆದುಕೊಂಡ ಮೇಲೆ ಡಿಕ್ಲರೇಷನ್ ವಾಕ್ಯ ತನ್ನ ತಲೆಬರಹದ ಕೆಳಗೆ ಬಂದು ಸೇರಿತು. ಆಚೆ ಪುಟದಲ್ಲಿ ಎರಡು ಸಾಲು ಉಳಿದವು. ಜಾರಿದ ಆ ಪದವನ್ನು ಸದ್ಯಕ್ಕೆ ಹಾಗೇ ಬಿಡೋಣ, ಮಾರ್ಜಿನ್ ವಿಷಯಕ್ಕೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಎರಡನೆಯದು ಖಾಲಿ ಎಂಟರ್‌ಗಳು. Ctrl+Shift+8 ಒತ್ತಿ. ಪುಟದ ತುಂಬ ¶ ಗುರುತುಗಳು ಮೂಡುತ್ತವೆ. ನೀವು ಎಂಟರ್ ಒತ್ತಿದ ಕಡೆಯೆಲ್ಲ ಒಂದೊಂದು. ಸ್ಪೇಸ್ ಒತ್ತಿದ ಕಡೆ ಚಿಕ್ಕ ಚುಕ್ಕೆ, ಟ್ಯಾಬ್ ಒತ್ತಿದ ಕಡೆ ಬಾಣ ಕಾಣುತ್ತದೆ. ಅಕ್ಷರವೇ ಇಲ್ಲದ ಸಾಲಿನಲ್ಲಿ ¶ ಒಂದೇ ನಿಂತಿದ್ದರೆ ಅದೇ ಕಳ್ಳ. ಒಂದು ವಿಭಾಗ ಮುಗಿದು ಮುಂದಿನದು ಶುರುವಾಗುವ ಮುನ್ನ ಜಾಗ ಬಿಡಲೆಂದು ಒಂದು ಎಂಟರ್ ಒತ್ತುವುದು ನಮಗೆಲ್ಲ ಟೈಪ್‌ರೈಟರ್ ಕಾಲದಿಂದ ಬಂದ ರೂಢಿ. ಆದರೆ ಇಲ್ಲಿ ಒಂದು ಖಾಲಿ ಎಂಟರ್ ಬೆಲೆ ಬರೀ ಒಂದು ಸಾಲಲ್ಲ, ಸಾಲಿನ ಎತ್ತರದ ಜೊತೆಗೆ ಅದರ ಕೆಳಗಿನ ಎಂಟು ಪಾಯಿಂಟೂ ಸೇರಿ ಇಪ್ಪತ್ತೆರಡೂವರೆ ಪಾಯಿಂಟ್. ನಮ್ಮ ಹುಡುಗಿಯ ರೆಸ್ಯೂಮೆಯಲ್ಲಿ ಇಂಥವು ನಾಲ್ಕು. ನಾಲ್ಕೂ ಸೇರಿ ತೊಂಬತ್ತು ಪಾಯಿಂಟ್.

ಅವನ್ನು ಸುಮ್ಮನೆ ಅಳಿಸಿದರೆ ವಿಭಾಗಗಳೆಲ್ಲ ಒಂದಕ್ಕೊಂದು ಅಂಟಿ ಪುಟ ಉಸಿರುಗಟ್ಟುತ್ತದೆ. ಅಳಿಸಿ, ಆ ಜಾಗವನ್ನು ತಲೆಬರಹಕ್ಕೇ ಕೊಡಬೇಕು. ತಲೆಬರಹದ ಮೇಲೆ ಕರ್ಸರ್ ಇಟ್ಟು Layout ಪಟ್ಟಿಯ Spacing ಭಾಗದಲ್ಲಿ Before ಎಂಬಲ್ಲಿ 10 ಎಂದು ಬರೆದರೆ ಅದರ ಮೇಲೆ ಹತ್ತು ಪಾಯಿಂಟ್ ಜಾಗ ನಿಲ್ಲುತ್ತದೆ. ನಾಲ್ಕು ತಲೆಬರಹಕ್ಕೆ ಹತ್ತರಂತೆ ನಲವತ್ತು ಕೊಟ್ಟರೂ ಉಳಿತಾಯ ಐವತ್ತು. ಊರು, ದಿನಾಂಕ, ಸಹಿ ಇಷ್ಟರಲ್ಲೇ ಮೊದಲ ಪುಟಕ್ಕೆ ಬಂದವು. ಎಂಟರ್‌ನಿಂದ ಬಿಟ್ಟ ಜಾಗವನ್ನು ಇಡಬಹುದು, ಇಲ್ಲವೇ ತೆಗೆಯಬಹುದು, ನಡುವಿನ ದಾರಿ ಇಲ್ಲ. Before, After ಅಂಕಿಯಲ್ಲಿ ಬಿಟ್ಟ ಜಾಗವನ್ನು ಒಂದೊಂದೇ ಪಾಯಿಂಟ್ ಏರಿಸಿ ಇಳಿಸಬಹುದು. ಇಡೀ ವಿದ್ಯೆ ಇರುವುದು ಇದರಲ್ಲೇ.

ಪರದೆಯ ಕೆಳಗೆ ಎಡತುದಿಯಲ್ಲಿ Page 1 of 1 ಎಂದು ಬಂತು. ಹೆಚ್ಚಿನವರು ಇಲ್ಲಿಗೆ ಕೈಮುಗಿದು ಎದ್ದು ಹೋಗುತ್ತಾರೆ. ಆದರೆ ಕೊನೆಯ ಸಾಲು ಪುಟದ ತಳಕ್ಕೆ ಮೂಗು ತಾಗಿಸಿ ನಿಂತಿದೆ. ನಾಳೆ ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಸೇರಿಸಿದರೆ ಮತ್ತೆ ಜಾರುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಏನೂ ಸೇರಿಸದೆಯೇ ಜಾರಬಹುದು. ಹಾಗಾಗಿ ಇನ್ನೊಂದಿಷ್ಟು ಜಾಗ ಬೇಕು.

ಅದು ಸಿಗುವುದು ಆ ಎಂಟು ಪಾಯಿಂಟ್‌ಗಳಲ್ಲಿ. ಇಲ್ಲಿ ಒಂದು ಎಚ್ಚರಿಕೆ. Ctrl+A ಒತ್ತಿ ಎಲ್ಲವನ್ನೂ ಆರಿಸಿಕೊಂಡು After ಎಂಬಲ್ಲಿ ಒಟ್ಟಿಗೇ ಸೊನ್ನೆ ಹಾಕುವ ಆಸೆ ಬರುತ್ತದೆ. ಮಾಡಬೇಡಿ. ಜಾಗ ಧಾರಾಳವಾಗಿ ಸಿಗುತ್ತದೆ ನಿಜ, ಆದರೆ ಎಲ್ಲ ಸಾಲುಗಳ ನಡುವೆ ಒಂದೇ ಅಂತರವಾಗಿ ಯಾವ ಸಾಲು ಯಾವ ತಲೆಬರಹಕ್ಕೆ ಸೇರಿದ್ದು ಎಂಬುದು ಕಣ್ಣಿಗೆ ತಿಳಿಯದೆ ಹೋಗುತ್ತದೆ. ರೆಸ್ಯೂಮೆಯನ್ನು ಯಾರೂ ಮೊದಲಿಂದ ಕೊನೆವರೆಗೆ ಓದುವುದಿಲ್ಲ. ಕಣ್ಣು ತಲೆಬರಹದಿಂದ ತಲೆಬರಹಕ್ಕೆ ಹಾರುತ್ತ ಹೋಗುತ್ತದೆ, ಬೇಕಾದ ಕಡೆ ನಿಲ್ಲುತ್ತದೆ. ಹಾರಲು ಅನುವಾಗಬೇಕಾದರೆ ತಲೆಬರಹದ ಮೇಲಿನ ಜಾಗ ದೊಡ್ಡದಿರಬೇಕು, ಕೆಳಗಿನ ಜಾಗ ಚಿಕ್ಕದಿರಬೇಕು, ಒಂದೇ ವಿಭಾಗದ ಸಾಲುಗಳ ನಡುವೆ ಇನ್ನೂ ಚಿಕ್ಕದು. ಮೇಲೆ ಹತ್ತು, ಕೆಳಗೆ ಮೂರು, ಒಳಸಾಲುಗಳ ನಡುವೆ ಒಂದೋ ಎರಡೋ ಇಟ್ಟರೆ ಪುಟ ತಾನಾಗಿ ವಿಭಾಗ ವಿಭಾಗವಾಗಿ ಕಾಣುತ್ತದೆ. ಅಂತರವನ್ನು ಎಷ್ಟು ಬೇಕಾದರೂ ತಗ್ಗಿಸಿ, ಈ ಪ್ರಮಾಣ ಮಾತ್ರ ಉಳಿಯಲಿ.

ಹುಡುಗಿ ಮಾಡಿದ್ದಿಷ್ಟು. ಸ್ವವಿವರದ ಐದು ಸಾಲು, ಮೇಲಿನ ಫೋನ್ ಮತ್ತು ಇಮೇಲ್‌ನ ಎರಡು ಸಾಲುಗಳನ್ನು ಆರಿಸಿಕೊಂಡು After ಎಂಟು ಇದ್ದದ್ದನ್ನು ಎರಡು ಮಾಡಿದಳು. ಏಳು ಸಾಲು, ಸಾಲಿಗೆ ಆರು, ಒಟ್ಟು ನಲವತ್ತೆರಡು ಪಾಯಿಂಟ್, ಅಂದರೆ ಹತ್ತಿರಹತ್ತಿರ ಮೂರು ಸಾಲು. ಬುಲೆಟ್ ಸಾಲುಗಳಲ್ಲೂ ಹೀಗೇ ಉಳಿಸೋಣವೆಂದು ನೋಡಿದರೆ ಅಲ್ಲಿ ಜಾಗವೇ ಇರಲಿಲ್ಲ. ವರ್ಡ್‌ನಲ್ಲಿ ಬುಲೆಟ್ ಹಾಕಿದ ಪ್ಯಾರಾಗಳಿಗೆ ಸಾಮಾನ್ಯವಾಗಿ Don't add space between paragraphs of the same style ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಒಂದೇ ಜಾತಿಯ ಪ್ಯಾರಾಗಳು ಪಕ್ಕಪಕ್ಕ ಬಂದರೆ ನಡುವೆ ಜಾಗ ಬೇಡ ಎಂಬುದು ಅದರ ಅರ್ಥ. ಸಾಲು ಸಾಲಾಗಿ ಒಂದೊಂದಕ್ಕೂ ಅಂಕಿ ಬರೆಯಲು ಬೇಸರವಾದರೆ ಈ ಟಿಕ್ಕನ್ನೇ ಸ್ವವಿವರದ ಸಾಲುಗಳಿಗೂ ಹಾಕಬಹುದು.

ಇಷ್ಟಾದ ಮೇಲೆ ಮಾರ್ಜಿನ್. ಹೆಚ್ಚಿನವರು ಮೊದಲು ಹಿಡಿಯುವ ಇದನ್ನು ನಾನು ಕೊನೆಗೆ ಇಡಲು ಕಾರಣವಿದೆ. ಮೇಲಿನ, ಕೆಳಗಿನ ಮಾರ್ಜಿನ್ ಕಡಿಮೆ ಮಾಡಿದರೆ ನೇರವಾಗಿ ಸಾಲು ಸಿಗುತ್ತದೆ, ಆದರೆ ಸಿಗುವುದು ಸ್ವಲ್ಪ. ಎರಡೂ ಕಡೆ 2.54 ಇದ್ದದ್ದನ್ನು 2 ಸೆಂಟಿಮೀಟರ್ ಮಾಡಿದರೆ ಒಟ್ಟು ಒಂದು ಸೆಂಟಿಮೀಟರ್ ಚಿಲ್ಲರೆ, ಎರಡು ಸಾಲು. ಎಡಬಲದ ಮಾರ್ಜಿನ್ ತಗ್ಗಿಸಿದರೆ ಸಾಲು ಅಗಲವಾಗುತ್ತದೆಯೇ ಹೊರತು ಎತ್ತರ ಸಿಗುವುದಿಲ್ಲ. "ಹುಟ್ಟಿದ ದಿನ" ಎಂಬ ಸಾಲಿನ ಪಕ್ಕ ಎಷ್ಟು ಜಾಗ ಹೆಚ್ಚಾದರೂ ಅದು ಒಂದೇ ಸಾಲು. ಎಡಬಲದ ಮಾರ್ಜಿನ್ ನೆರವಿಗೆ ಬರುವುದು ಒಂದೇ ಸಂದರ್ಭದಲ್ಲಿ: ಒಂದೆರಡು ಪದ ಮಾತ್ರ ಕೆಳಸಾಲಿಗೆ ಬಿದ್ದಿರುವಾಗ. ನಮ್ಮ ಹುಡುಗಿಯ ಬುಲೆಟ್‌ನಲ್ಲಿ ಆದದ್ದು ಅದೇ. ಎ4ಗೆ ಬಂದಾಗ ಅವಳ ಸಾಲಿನ ಅಗಲ ಹದಿನಾರೂವರೆಯಿಂದ ಹದಿನಾರು ಸೆಂಟಿಮೀಟರ್‌ಗಿಂತ ತುಸು ಕೆಳಗೆ ಇಳಿದಿತ್ತು. ಎಡಬಲಗಳನ್ನೂ 2 ಸೆಂಟಿಮೀಟರ್ ಮಾಡಿದಾಗ ಹದಿನೇಳಕ್ಕೆ ಏರಿತು, ಜಾರಿದ ಪದ ಮೇಲಿನ ಸಾಲಿಗೆ ಮರಳಿತು. ಹಾಗೆ ನಾಲ್ಕೂ ಕಡೆಯ ಮಾರ್ಜಿನ್‌ನಿಂದ ಸಿಕ್ಕದ್ದು ಮೂರು ಸಾಲು. ನಾಲ್ಕೂ ಕಡೆ ಒಂದೇ ಅಳತೆ ಇರುವುದರಿಂದ ಪುಟವೂ ನೋಡಲು ಲಕ್ಷಣವಾಗಿದೆ.

ಇನ್ನೂ ಕತ್ತರಿಸಬಾರದೇಕೆ? ವರ್ಡ್‌ನಲ್ಲಿ ಸಿದ್ಧವಾಗಿ ಸಿಗುವ Narrow ಆರಿಸಿದರೆ ನಾಲ್ಕೂ ಕಡೆ 1.27 ಸೆಂಟಿಮೀಟರ್, ಅರ್ಧ ಇಂಚು. ಪ್ರಿಂಟರ್ ಅಡ್ಡಿ ಮಾಡುವುದಿಲ್ಲ. ಆಫೀಸು, ಅಂಗಡಿಗಳ ಸಾಧಾರಣ ಪ್ರಿಂಟರ್‌ಗಳು ಹಾಳೆಯ ಅಂಚಿನಲ್ಲಿ ನಾಲ್ಕೈದು ಮಿಲಿಮೀಟರ್ ಪಟ್ಟಿಯಲ್ಲಿ ಅಚ್ಚೊತ್ತಲಾರವು, ಅರ್ಧ ಇಂಚು ಅದರಿಂದ ಸಾಕಷ್ಟು ದೂರ. ಅಡ್ಡಿ ಮಾಡುವುದು ಪಂಚಿಂಗ್ ಮಷೀನು. ಫೈಲಿಗೆ ಹಾಕಲು ತೂತು ಮಾಡುವ ಯಂತ್ರಕ್ಕೂ ಒಂದು ಅಂತರರಾಷ್ಟ್ರೀಯ ಅಳತೆ ಇದೆ: ತೂತಿನ ನಡುಬಿಂದು ಅಂಚಿನಿಂದ 12 ಮಿಲಿಮೀಟರ್, ತೂತಿನ ಅಗಲ 6. ಅಂದರೆ ಅಂಚಿನಿಂದ ಒಂಬತ್ತನೇ ಮಿಲಿಮೀಟರ್‌ನಿಂದ ಹದಿನೈದನೆಯದರವರೆಗೆ ಕಾಗದ ಹೋಗುತ್ತದೆ. ಅರ್ಧ ಇಂಚಿನ ಎಡ ಮಾರ್ಜಿನ್‌ನಲ್ಲಿ ಅಕ್ಷರ ಶುರುವಾಗುವುದು ಹನ್ನೆರಡು ಮುಕ್ಕಾಲು ಮಿಲಿಮೀಟರ್‌ಗೆ. ವಾಕ್-ಇನ್ ಇಂಟರ್‌ವ್ಯೂನಲ್ಲಿ ನಿಮ್ಮ ಹಾಳೆಯನ್ನು ಇನ್ನೂರು ಹಾಳೆಗಳ ಜೊತೆ ಪಂಚ್ ಮಾಡಿ ಫೈಲಿಗೆ ಹಾಕಿದಾಗ ಎರಡು ಸಾಲುಗಳ ಮೊದಲ ಅಕ್ಷರಗಳು ತೂತಿನ ಪಾಲಾಗುತ್ತವೆ. ಎರಡು ಸೆಂಟಿಮೀಟರ್ ಬಿಟ್ಟರೆ ತೂತಿಗೂ ಅಕ್ಷರಕ್ಕೂ ಅರ್ಧ ಸೆಂಟಿಮೀಟರ್ ನೆಮ್ಮದಿ.

ಮೇಲಿನ ಮಾರ್ಜಿನ್ ಎಷ್ಟು ಇಳಿಸಿದರೂ ಕೆಲವರ ಫೈಲ್‌ನಲ್ಲಿ ಸಾಲು ಕದಲುವುದೇ ಇಲ್ಲ. ಹಾಗಾದರೆ ಹೆಡರ್ ನೋಡಿ. ಹೆಡರ್‌ನಲ್ಲಿ ಏನಾದರೂ ಬರೆದಿದ್ದರೆ, ಬರೀ ಒಂದೆರಡು ಎಂಟರ್ ಬಿದ್ದಿದ್ದರೂ ಸಾಕು, ಅದು ತನಗೆ ಬೇಕಾದ ಜಾಗ ಹಿಡಿದುಕೊಂಡು ಉಳಿದದ್ದನ್ನು ಕೆಳಗೆ ತಳ್ಳುತ್ತದೆ. ಪುಟದ ನೆತ್ತಿಯಲ್ಲಿ ಎರಡು ಸಲ ಕ್ಲಿಕ್ ಮಾಡಿ ಹೆಡರ್ ತೆರೆದು ಖಾಲಿ ಮಾಡಿ. ಹೆಸರು, ಫೋನ್ ನಂಬರನ್ನು ಅಲ್ಲಿ ಇಟ್ಟಿದ್ದರೆ ಪುಟದ ಮೈಗೆ ತನ್ನಿ. ಅರ್ಜಿಗಳನ್ನು ಜರಡಿ ಹಿಡಿಯುವ ಕೆಲವು ಸಾಫ್ಟ್‌ವೇರ್‌ಗಳು ಹೆಡರ್‌ನಲ್ಲಿರುವುದನ್ನು ಓದದೆ ಬಿಡುವುದುಂಟು.

ಮಾರ್ಜಿನ್ ಬದಲಿಸಿದ ಮೇಲೆ ಒಂದು ಎಡವಟ್ಟು ಹೆಚ್ಚುಕಡಿಮೆ ಖಚಿತ: ಸಹಿಯ ಸಾಲು. ದಿನಾಂಕ ಎಡಕ್ಕೆ, ಸಹಿ ಬಲಕ್ಕೆ ಬರಲೆಂದು ನಡುವೆ ಸ್ಪೇಸ್ ಒತ್ತುತ್ತಲೇ ಹೋಗಿರುತ್ತಾರೆ. ¶ ಗುರುತುಗಳನ್ನು ತೋರಿಸಿದರೆ ಇರುವೆ ಸಾಲಿನಂತೆ ಚುಕ್ಕೆಗಳು ಕಾಣುತ್ತವೆ. ಅಗಲ ಕಿರಿದಾದರೆ "ಸಹಿ" ಎಂಬ ಪದ ಕೆಳಸಾಲಿಗೆ ಬಿದ್ದು ಒಂದು ಸಾಲು ತಿನ್ನುತ್ತದೆ, ಅಗಲ ಹಿಗ್ಗಿದರೆ ಬಲತುದಿ ತಲುಪದೆ ನಡುವೆ ತೂಗಾಡುತ್ತದೆ. ಆ ಸ್ಪೇಸ್‌ಗಳನ್ನೆಲ್ಲ ಅಳಿಸಿ ಒಂದೇ ಒಂದು ಟ್ಯಾಬ್ ಒತ್ತಿ. Paragraph ಕಿಟಕಿಯ ತಳದಲ್ಲಿರುವ Tabs ತೆರೆದು, ಸಾಲಿನ ಅಗಲ ಎಷ್ಟಿದೆಯೋ ಅಷ್ಟು, ಇಲ್ಲಿ 17 ಸೆಂಟಿಮೀಟರ್ ಎಂದು ಬರೆದು, Right ಆರಿಸಿ, Set ಒತ್ತಿ. ಸಹಿ ಬಲ ಅಂಚಿಗೆ ನೇರವಾಗಿ ಕೂರುತ್ತದೆ. ಪ್ರಾಜೆಕ್ಟ್ ಹೆಸರಿನ ಎದುರು ಬಲಕ್ಕೆ ಇಸವಿ ಬರೆಯುವವರೂ ಇದನ್ನೇ ಮಾಡಬೇಕು.

ಸಾಲಿನ ಅಂತರ ಇಳಿಸುವ ವಿಷಯ ಇದುವರೆಗೆ ತೆಗೆಯಲಿಲ್ಲ. ಬೇಕಾದರೆ ಅದೂ ಇದೆ. 1.08 ಇದ್ದದ್ದನ್ನು Single ಮಾಡಿದರೆ ಸಾಲಿಗೆ ಒಂದು ಪಾಯಿಂಟ್ ಉಳಿಯುತ್ತದೆ, ನಲವತ್ತೈದು ಸಾಲಿನ ಪುಟದಲ್ಲಿ ಮೂರು ಸಾಲಿನಷ್ಟು. ಕ್ಯಾಲಿಬ್ರಿಯಂಥ ಫಾಂಟ್‌ಗೆ ಸಿಂಗಲ್ ಅಂತರವೂ ಓದಲು ಹಿತವಾಗಿಯೇ ಇರುತ್ತದೆ. ಅದಕ್ಕಿಂತ ಕೆಳಗೆ ಇಳಿಯಲು Exactly ಎಂಬ ಆಯ್ಕೆ ಇದೆ, ಅದರ ತಂಟೆಗೆ ಹೋಗದಿರುವುದು ಮೇಲು. ಅಲ್ಲಿ 12 ಎಂದು ಬರೆದರೆ ವರ್ಡ್ ಹಿಂದೆ ಮುಂದೆ ನೋಡದೆ ಎಲ್ಲ ಸಾಲಿಗೂ ಹನ್ನೆರಡೇ ಪಾಯಿಂಟ್ ಎತ್ತರ ಕೊಡುತ್ತದೆ. ದೊಡ್ಡ ಅಕ್ಷರದಲ್ಲಿ ಬರೆದ ಹೆಸರಿನ ತಲೆ ಕತ್ತರಿಸಿಹೋಗುತ್ತದೆ. ರೆಸ್ಯೂಮೆಯನ್ನು ಕನ್ನಡದಲ್ಲಿ ಮಾಡುವವರಿಗಂತೂ ಇದು ಇನ್ನೂ ಕಷ್ಟ. ನಮ್ಮ ಲಿಪಿಗೆ ಒತ್ತಕ್ಷರಗಳಿಗಾಗಿ ಕೆಳಗೂ ಜಾಗ ಬೇಕು. ಇಂಗ್ಲಿಷಿಗೆ ಸರಿಹೋದ ಎತ್ತರದಲ್ಲಿ "ವಿಶ್ವವಿದ್ಯಾಲಯ" ಎಂದು ಬರೆದರೆ ವತ್ತು, ಯತ್ತುಗಳ ಕಾಲು ಮುರಿಯುತ್ತದೆ.

ಒಂದೇ ಸಾಲಿನ ಜಾಗ ಸಾಲದಿದ್ದರೂ ಆಚೆ ಪುಟದಲ್ಲಿ ಎರಡು, ಮೂರು ಸಾಲು ಕಾಣುವುದುಂಟು. ಪ್ಯಾರಾದ ಒಂದೇ ಸಾಲು ಒಂಟಿಯಾಗಿ ಉಳಿಯಬಾರದು ಎಂಬ ನಿಯಮವನ್ನು ವರ್ಡ್ ತಾನಾಗಿ ಪಾಲಿಸುತ್ತದೆ. Widow/Orphan control ಎಂಬುದು ಅದೇ. ಎರಡು ಸಾಲಿನ ಪ್ಯಾರಾದಲ್ಲಿ ಒಂದು ಸಾಲಿಗೆ ಜಾಗ ಇಲ್ಲದಿದ್ದರೆ ಎರಡನ್ನೂ ಹೊತ್ತುಕೊಂಡು ಹೋಗುತ್ತದೆ. ತಲೆಬರಹಕ್ಕೆ Heading ಶೈಲಿ ಹಾಕಿದ್ದರೆ ಅದೂ ಹಿಂದೆಯೇ ಹೋಗುತ್ತದೆ. ಹಾಗಾಗಿ ಜಾರಿದ್ದು ನಾಲ್ಕು ಸಾಲು ಎಂದು ಕಂಡರೂ ಬೇಕಾದದ್ದು ಒಂದೋ ಒಂದೂವರೆಯೋ ಸಾಲಿನ ಜಾಗ ಇರಬಹುದು. ಆ ಟಿಕ್ ತೆಗೆಯುವ ಅಗತ್ಯವಿಲ್ಲ, ಮೊದಲ ಪುಟದ ತಳದಲ್ಲಿ ಎಷ್ಟು ಖಾಲಿ ಉಳಿದಿದೆ ಎಂದು ನೋಡಿ ಲೆಕ್ಕ ಹಾಕಿದರೆ ಸಾಕು. ಇನ್ನೊಂದು, ಏನೂ ಇಲ್ಲದ ಖಾಲಿ ಎರಡನೇ ಪುಟ. ರೆಸ್ಯೂಮೆ ಕೋಷ್ಟಕದಲ್ಲಿ ಮುಗಿದರೆ ಅದರ ನಂತರ ಒಂದು ಖಾಲಿ ಪ್ಯಾರಾ ಇರಲೇಬೇಕೆಂದು ವರ್ಡ್ ಪಟ್ಟು ಹಿಡಿಯುತ್ತದೆ. ಅದನ್ನು ಅಳಿಸಲಾಗುವುದಿಲ್ಲ. ಆ ¶ ಗುರುತನ್ನು ಮಾತ್ರ ಆರಿಸಿ ಗಾತ್ರ 1, ಅಂತರ 0 ಮಾಡಿ. ಅಕ್ಷರ ಕಿರಿದು ಮಾಡಲು ನಾನು ಒಪ್ಪುವುದು ಇದೊಂದೇ ಕಡೆ, ಅಲ್ಲಿ ಅಕ್ಷರವೇ ಇಲ್ಲವಲ್ಲ.

ಉಳಿಸಿದ ಜಾಗವನ್ನೆಲ್ಲ ಹುಡುಗಿ ಹಾಗೇ ಬಿಡಲಿಲ್ಲ. ಸಹಿಯ ಸಾಲಿನ ಮೇಲೆ ಇಪ್ಪತ್ತನಾಲ್ಕು ಪಾಯಿಂಟ್ ಬಿಟ್ಟಳು, ಪೆನ್ನಿನಲ್ಲಿ ಸಹಿ ಮಾಡಲು ಅಷ್ಟು ಬೇಕು. ತಲೆಬರಹಗಳ ಮೇಲಿನ ಹತ್ತನ್ನು ಹದಿನಾಲ್ಕು ಮಾಡಿದಳು. ಆಮೇಲೂ ಪುಟದ ತಳದಲ್ಲಿ ಮೂರು ಸಾಲಿನಷ್ಟು ಖಾಲಿ ಉಳಿಯಿತು. ಅಕ್ಷರದ ಗಾತ್ರ ಮೊದಲಿನಂತೆ ಹನ್ನೊಂದೇ ಇದೆ. ಬಿಟ್ಟುಹೋದ ಮಾತು ಒಂದೂ ಇಲ್ಲ.

ಇದಕ್ಕೂ ಮಿತಿ ಇದೆ. ಜಾರಿದ್ದು ಏಳೆಂಟು ಸಾಲಿನವರೆಗೆ ಇದ್ದರೆ ಅಂತರ ಮತ್ತು ಮಾರ್ಜಿನ್ ಸೇರಿ ನಿಭಾಯಿಸುತ್ತವೆ. ಎರಡನೇ ಪುಟದಲ್ಲಿ ಕಾಲು ಭಾಗ, ಅರ್ಧ ಭಾಗ ತುಂಬಿದ್ದರೆ ಅಲ್ಲಿ ತೊಂದರೆ ಇರುವುದು ಜಾಗದಲ್ಲಲ್ಲ, ಬರಹದಲ್ಲಿ. ಅದನ್ನೂ ಹೀಗೇ ಒತ್ತಿ ತುರುಕಿದರೆ ಪುಟ ಗೋಣಿಚೀಲ ಹೊಲಿದಂತೆ ಕಾಣುತ್ತದೆ. ಆಗ ಮಾತು ಕಡಿಮೆ ಮಾಡಬೇಕು. ಅಂದಹಾಗೆ, ಎಲ್ಲರ ಎರಡನೇ ಪುಟದಲ್ಲೂ ಕೂತಿರುವ ಆ ಡಿಕ್ಲರೇಷನ್‌ನ್ನು ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅರ್ಜಿಯ ಸೂಚನೆಯಲ್ಲಿ ಬೇಕೆಂದು ಬರೆದಿದ್ದರೆ ಇರಲಿ. ಇಲ್ಲದಿದ್ದರೆ ಅದನ್ನು ತೆಗೆದು ಪ್ರಾಜೆಕ್ಟ್ ಬಗ್ಗೆ ಇನ್ನೊಂದು ಸಾಲು ಬರೆಯುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಕೊನೆಯ ಕೆಲಸ, ಇದೆಲ್ಲ ಕದಲದಂತೆ ನೋಡಿಕೊಳ್ಳುವುದು. ವರ್ಡ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲಿ ತೆರೆದರೆ, ಅಲ್ಲಿನ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೆ ಯಾವುದೋ ಬಂದು ಕೂರುತ್ತದೆ. ಅದರ ಅಕ್ಷರಗಳು ತುಸು ಅಗಲವಿದ್ದರೂ ಸಾಲುಗಳು ಮುರಿದು ಡಿಕ್ಲರೇಷನ್ ಮತ್ತೆ ಎರಡನೇ ಪುಟಕ್ಕೆ. ತಳದಲ್ಲಿ ಎರಡು ಮೂರು ಸಾಲು ಖಾಲಿ ಬಿಡಿ ಎಂದದ್ದು ಇದಕ್ಕೇ. ಅದಕ್ಕಿಂತ ಒಳ್ಳೆಯದು ಮನೆಯಲ್ಲೇ Save As ಒತ್ತಿ ಪಿಡಿಎಫ್ ಮಾಡಿಕೊಂಡು, ಅದನ್ನೊಮ್ಮೆ ನಿಮ್ಮ ಫೋನಿನಲ್ಲಿ ತೆರೆದು ನೋಡಿ ಕಳಿಸುವುದು. ಪಿಡಿಎಫ್‌ನಲ್ಲಿ ಸಾಲುಗಳು ಇದ್ದಲ್ಲೇ ಇರುತ್ತವೆ. ವರ್ಡ್ ಫೈಲನ್ನೂ ಇಟ್ಟುಕೊಂಡಿರಿ, ತಿದ್ದಲು ಬೇಕಾಗುತ್ತದೆ.

ಮತ್ತೆ, ಅಂಗಡಿಯಲ್ಲಿ ಪ್ರಿಂಟ್ ಕೊಡುವ ಮುನ್ನ ಪರದೆಯ ಮೇಲೆ ಒಂದು ಕಣ್ಣಿಡಿ. ಪಿಡಿಎಫ್ ಪ್ರಿಂಟ್ ಮಾಡುವಾಗ Fit ಎಂಬುದು ಆರಿಸಿದ್ದರೆ ಇಡೀ ಪುಟವನ್ನು ಪ್ರಿಂಟರ್ ಅಚ್ಚೊತ್ತಬಲ್ಲ ಜಾಗದೊಳಗೆ ಕುಗ್ಗಿಸುತ್ತಾರೆ. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಅಕ್ಷರ ಅಲ್ಲಿ ಸಣ್ಣದಾಗುತ್ತದೆ. "ಅಣ್ಣಾ, Actual size ಇಡಿ" ಎಂದು ಹೇಳಿ, ಮೊದಲು ಒಂದೇ ಪ್ರತಿ ತೆಗೆಸಿ ನೋಡಿ, ಆಮೇಲೆ ಉಳಿದವು.